ಎದುರು ಪಕ್ಷದ ಪ್ಯಾರಾ

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಟೈಲರ್ ಇದ್ದಾರೆ. ನನ್ನ ಪ್ಯಾಂಟಿನ ಸೊಂಟವನ್ನು ಎರಡು ವರ್ಷಕ್ಕೊಮ್ಮೆ ಅರ್ಧ ಇಂಚು ಬಿಚ್ಚಿ ಕೊಡುವವರು ಅವರೇ. ಅಂಗಡಿಯ ಬೆಂಚಿನ ಮೇಲೆ ಪೇಪರು, ವಾರಪತ್ರಿಕೆ ಬಿದ್ದಿರುತ್ತವೆ. ಬಟ್ಟೆ ಕೊಡಲು ಬಂದವರು ಓದುತ್ತಾರೆ, ಬಿಡುವಾದಾಗ ಅವರೂ ಓದುತ್ತಾರೆ. ಒಂದು ಸಣ್ಣ ಪತ್ರಿಕೆಯಲ್ಲಿ ನನ್ನ ಲೇಖನ ಬಂದಿತ್ತು. ಪ್ರಾಥಮಿಕ ಶಾಲೆಯ ಪಾಠ ಕನ್ನಡದಲ್ಲೇ ಇರಬೇಕು ಅಂತ ಬರೆದದ್ದು. ಒಂದು ಪ್ರತಿಯನ್ನು ಸುಮ್ನೆ ಆ ಬೆಂಚಿನ ಮೇಲೆ ಬಿಟ್ಟು ಬಂದೆ. ಸುಮ್ನೆ ಅಂದೆ, ಆದರೆ ಯಾರಾದರೂ ಓದಿ ಹೊಗಳಲಿ ಅಂತಲೇ ಬಿಟ್ಟಿದ್ದು. ಬರೆಯುವವರಿಗೆಲ್ಲ ಇರುವ ಚಪಲ ಅದು.

ಮುಂದಿನ ವಾರ ಹೋದಾಗ ಅವರು ಮೆಷಿನ್ ನಿಲ್ಲಿಸಲಿಲ್ಲ. ಹೊಲಿಯುತ್ತಲೇ ಹೇಳಿದರು. "ಓದಿದೆ ಸರ್. ಚೆನ್ನಾಗಿ ಬರೆದಿದ್ದೀರಿ. ನನ್ನ ಬಗ್ಗೆನೂ ಬರೆದಿದ್ದೀರಿ." ನನಗೆ ಅರ್ಥವಾಗಲಿಲ್ಲ. ದಾರ ಕಡಿದು ತಲೆ ಎತ್ತಿದರು. "ಟೈ, ಬೂಟಿನ ವ್ಯಾಮೋಹದ ಅಮಾಯಕರು ಅಂತ ಬರೆದಿದ್ದೀರಲ್ಲ. ಚಿಕ್ಕವಳನ್ನ ಕಾನ್ವೆಂಟಿಗೆ ಹಾಕಿರೋನು ನಾನು. ಬರೆಯೋಕೆ ಮುಂಚೆ ಒಂದು ಮಾತು ಕೇಳಬಹುದಿತ್ತು. ದಿನಾ ಇದೇ ದಾರೀಲಿ ಓಡಾಡ್ತೀರಲ್ಲ ಸರ್."

ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಏನೋ ವಾದ ಹೂಡುತ್ತಿದ್ದೆ. ಸಿಟ್ಟಿರಲಿಲ್ಲ. ಆಮೇಲೆ ಕಾರಣವನ್ನೂ ಹೇಳಿದರು. ದೊಡ್ಡವಳು ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತು. ಪಿಯುಸಿಗೆ ಸೈನ್ಸ್ ತಗೊಂಡಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. "ಸಂವೇಗ ಅಂದ್ರೆ ಅವಳಿಗೆ ಗೊತ್ತಿತ್ತು ಸರ್. ಮೊಮೆಂಟಮ್ ಅಂದ್ರೆ ಅದೇ ಅಂತ ಗೊತ್ತಾಗೋಕೆ ಎರಡು ವಾರ ಹಿಡೀತು. ಅಷ್ಟೊತ್ತಿಗೆ ಮೇಷ್ಟ್ರು ಮೂರು ಚಾಪ್ಟರ್ ಮುಂದೆ ಹೋಗಿದ್ರು." ಆ ವರ್ಷ ಮುಗಿಯುವ ಮೊದಲೇ ಅವಳು ಸೈನ್ಸ್ ಬಿಟ್ಟಳು. ಚಿಕ್ಕವಳನ್ನು ಕಾನ್ವೆಂಟಿಗೆ ಸೇರಿಸಿದ್ದು ಅದಾದ ಮೇಲೆ.

ನಾನು ಪ್ಯಾಂಟು ಕೊಡುವುದನ್ನೇ ಮರೆತು ವಾಪಸ್ ಬಂದೆ.

ಮೊದಲು ಬರೆದದ್ದು

ಆ ಲೇಖನದಲ್ಲಿ ಎದುರು ಪಕ್ಷಕ್ಕೆ ಅಂತ ನಾನು ಕೊಟ್ಟಿದ್ದು ಒಂದೇ ಪ್ಯಾರಾ. ನಾಚಿಕೆ ಬಿಟ್ಟು ಇಲ್ಲಿ ಹಾಗೇ ಇಡುತ್ತೇನೆ.

"ಇಂಗ್ಲಿಷ್ ಬಂದುಬಿಟ್ಟರೆ ಸಾಕು, ಸ್ವರ್ಗವೇ ಕೈಗೆ ಸಿಗುತ್ತದಂತೆ! ಹೀಗೆಂದು ನಂಬಿರುವ ಪೋಷಕರಿಗೆ ನಮ್ಮಲ್ಲೇನೂ ಕೊರತೆಯಿಲ್ಲ. ಟೈ, ಬೂಟುಗಳ ವ್ಯಾಮೋಹದಲ್ಲಿ ಮಕ್ಕಳ ಬಾಲ್ಯವನ್ನೇ ಬಲಿ ಕೊಡುತ್ತಿರುವ ಈ ಅಮಾಯಕರಿಗೆ ತಿಳಿಹೇಳುವವರು ಯಾರು? ಮಾತೃಭಾಷೆಯಲ್ಲಿ ಕಲಿತರೆ ಕಲಿಕೆ ಗಟ್ಟಿಯಾಗುತ್ತದೆ ಎಂಬುದನ್ನು ತಜ್ಞರೆಲ್ಲ ಒಪ್ಪಿದ್ದಾರೆ."

ಬರೆದಾಗ ಇದು ನನಗೆ ಚುರುಕಾಗಿ ಕಂಡಿತ್ತು. ಟೈಲರ್ ಹೇಳಿದ ಮೇಲೆ ಪೆನ್ಸಿಲ್ ಹಿಡಿದು ಕೂತೆ. ಮೊದಲು ಕಣ್ಣಿಗೆ ಬಿದ್ದಿದ್ದು ಆ "ಅಂತೆ". ನಮ್ಮ ಭಾಷೆಯಲ್ಲಿ ಎದುರಿನವರ ಮಾತನ್ನು ಹಳ್ಳಕ್ಕೆ ತಳ್ಳಲು ಬೇರೆ ವಾದವೇ ಬೇಡ. ಕ್ರಿಯಾಪದದ ಬಾಲಕ್ಕೆ ಒಂದು "ಅಂತೆ" ಅಂಟಿಸಿದರೆ ಮುಗಿಯಿತು. "ಮಳೆ ಬರುತ್ತದೆ" ಅಂದರೆ ಅದು ಒಂದು ಮಾತು. ಸ್ವಲ್ಪ ರಾಗ ಎಳೆದು "ಮಳೆ ಬರುತ್ತದಂತೆ" ಅಂದರೆ, ಯಾರೋ ಹೇಳಿದರು, ನಾನೇನೂ ನಂಬಲ್ಲ ಅಂತ. ಪಕ್ಕದಲ್ಲಿ ಆಶ್ಚರ್ಯ ಚಿಹ್ನೆ ಬೇರೆ ಹಾಕಿದ್ದೆ. ಓದುಗರಿಗೆ ನಾನು ಕಣ್ಣು ಹೊಡೆದಿದ್ದೆ, ಅಷ್ಟೇ.

ಎರಡನೆಯದು "ನಂಬಿರುವ". ನನ್ನ ಕಡೆಯವರು "ಒಪ್ಪಿದ್ದಾರೆ", ಆ ಕಡೆಯವರು "ನಂಬಿದ್ದಾರೆ". ಒಪ್ಪುವವನು ಯೋಚನೆ ಮಾಡಿ ಒಪ್ಪಿರುತ್ತಾನೆ. ನಂಬುವವನು ಸುಮ್ಮನೆ ನಂಬಿರುತ್ತಾನೆ. ಇದನ್ನು ನಾನು ಬೇಕಂತಲೇ ಮಾಡಿದ್ದಲ್ಲ. ಬೇಕಂತ ಮಾಡಿದ್ದರೆ ತಿದ್ದುವುದು ಸುಲಭವಿತ್ತು.

ಮೂರನೆಯದು ಆ "ವ್ಯಾಮೋಹ". ಶಿಕ್ಷಣ ಮಾಧ್ಯಮದ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರ ಕೈಗೆ ಈ ಪದ ತಾನಾಗಿ ಬರುತ್ತದೆ. ಇಂಗ್ಲಿಷ್ ಅಂತ ಬರೆದ ತಕ್ಷಣ ಪೆನ್ನು ವ್ಯಾಮೋಹದ ಕಡೆ ಓಡುತ್ತದೆ. ವ್ಯಾಮೋಹ ಅಂದರೆ ಕಾರಣವಿಲ್ಲದ ಸೆಳೆತ. ಆ ಪದ ಬಳಸಿದ ಗಳಿಗೆಯಲ್ಲೇ ಎದುರಿನವರ ಹತ್ತಿರ ಕಾರಣವೇ ಇಲ್ಲ ಅಂತ ತೀರ್ಪು ಕೊಟ್ಟ ಹಾಗಾಯ್ತು. ಕಾರಣವೇ ಇಲ್ಲದವರ ಜೊತೆ ವಾದ ಏನು ಮಾಡುವುದು? ಅದಕ್ಕೇ ನನ್ನ ಪ್ಯಾರಾದಲ್ಲಿ ವಾದವೂ ಇರಲಿಲ್ಲ. ಬರೀ ಮರುಕ ಇತ್ತು. "ಅಮಾಯಕರು" ಅಂತ ಬರೆದಾಗ ನಾನು ಅವರನ್ನು ಕರುಣೆಯಿಂದ ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಓದಿದವರಿಗೆ ಅದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತ್ತು.

ಪದಗಳನ್ನು ಬದಲಾಯಿಸಬಹುದು. ಅದಕ್ಕಿಂತ ದೊಡ್ಡ ತಪ್ಪು ಕೊನೆಯ ವಾಕ್ಯದಲ್ಲಿತ್ತು. ಮಾತೃಭಾಷೆಯಲ್ಲಿ ಕಲಿಕೆ ಗಟ್ಟಿಯಾಗುತ್ತದೆ ಅಂತ ಉತ್ತರ ಕೊಟ್ಟಿದ್ದೆ. ಟೈಲರ್ ಅದನ್ನು ಯಾವಾಗ ಅಲ್ಲ ಅಂದರು? ಅವರ ಮಗಳಿಗೆ ಸಂವೇಗ ಗಟ್ಟಿಯಾಗಿಯೇ ಗೊತ್ತಿತ್ತು. ಅವರು ಕೇಳುತ್ತಿದ್ದ ಪ್ರಶ್ನೆ ಬೇರೆ. ಗಟ್ಟಿಯಾಗಿ ಕಲಿತ ಮೇಲೆ, ಹನ್ನೊಂದನೇ ತರಗತಿಯ ಬಾಗಿಲಲ್ಲಿ ಏನು ಮಾಡಬೇಕು? ನಾನು ಕೇಳದ ಪ್ರಶ್ನೆಗೆ ಉತ್ತರ ಬರೆದು, ಕೇಳಿದ ಪ್ರಶ್ನೆಯನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಯಾವ ಕಡೆ ರೀ ನೀವು?

ಅದೇ ಲೇಖನವನ್ನು ಒಂದು ಸಂಕಲನಕ್ಕೆ ತಿದ್ದಿ ಕೊಡಬೇಕಿತ್ತು. ಈ ಸಲ ನ್ಯಾಯವಾಗಿ ಬರೆಯುತ್ತೇನೆ ಅಂತ ಹಟ ಹಿಡಿದೆ. ಎದುರು ಪಕ್ಷಕ್ಕೆ ಎರಡು ಪುಟ ಕೊಟ್ಟೆ. ಟೈಲರ್ ಮಗಳ ಕಥೆ, ಸಂದರ್ಶನದಲ್ಲಿ ಬಾಯಿ ಕಟ್ಟಿ ಕೂತ ಹುಡುಗರು, ಕೋರ್ಟಿನಲ್ಲಿ, ಆಸ್ಪತ್ರೆಯಲ್ಲಿ ಇಂಗ್ಲಿಷ್ ಕಾಗದ ಹಿಡಿದು ನಿಂತವರು, ಎಲ್ಲ ಬಂತು. ಬರೆಯುತ್ತಾ ನನಗೇ ಕಣ್ಣು ಒದ್ದೆಯಾಯಿತು. ಕೊನೆಗೆ ನನ್ನ ಉತ್ತರ ಅಂತ ಎರಡು ಸಾಲು. "ಇದೆಲ್ಲ ನಿಜವಿರಬಹುದು. ಆದರೂ ತಾಯ್ನುಡಿ ತಾಯ್ನುಡಿಯೇ ಅಲ್ಲವೇ?"

ನನ್ನ ಹೆಂಡತಿ ಓದಿ ಕನ್ನಡಕ ತೆಗೆದಳು. "ರೀ, ನೀವು ಯಾವ ಕಡೆ? ಇದನ್ನ ಓದಿದ್ರೆ ನಾಳೆನೇ ಹೋಗಿ ಕಾನ್ವೆಂಟಿಗೆ ಅರ್ಜಿ ಹಾಕೋಣ ಅನ್ಸುತ್ತೆ."

ಅವಳು ಹೇಳಿದ್ದು ಸರಿ. ಮೊದಲ ಸಲ ಅಹಂಕಾರದಿಂದ ಸೋತಿದ್ದೆ, ಎರಡನೇ ಸಲ ಪಶ್ಚಾತ್ತಾಪದಿಂದ ಸೋತೆ. ಎದುರಿನವರ ವಾದಕ್ಕೆ ಮನುಷ್ಯರು, ಘಟನೆಗಳು, ವಿವರಗಳು ಇದ್ದವು. ನನ್ನ ಉತ್ತರಕ್ಕೆ ಒಂದು ಗಾದೆಯಂಥ ಮಾತು ಮಾತ್ರ ಇತ್ತು. ಮದುವೆ ಮನೆಯಲ್ಲಿ ಬೀಗರಿಗೆ ಪಾಯಸ ಬಡಿಸಿ ಮನೆಯವರಿಗೆ ಮಜ್ಜಿಗೆ ಹಾಕಿದ ಹಾಗೆ. ಓದುವವರು ವಿವರ ಇದ್ದ ಕಡೆಗೆ ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆದರೆ ಪುಟ ಅಳೆದು ಸರಿ ಮಾಡುವ ವಿಷಯವೂ ಇದಲ್ಲ. ನನ್ನ ಉತ್ತರಕ್ಕೂ ಎರಡು ಪುಟ ತುಂಬಿಸಬಹುದಿತ್ತು. ತುಂಬಿಸಲು ನೋಡಿದೆ, ಆಗಲಿಲ್ಲ. ಯಾಕೆಂದರೆ ಅವರ ವಾದ ನನ್ನ ವಾದದ ಯಾವ ಕಂಬಕ್ಕೆ ತಾಗುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಮನೆಗೆ ಲಾರಿ ಗುದ್ದಿತು ಅಂದರೆ, ಕಾಂಪೌಂಡಿಗೆ ಗುದ್ದಿತೋ ಅಡುಗೆ ಮನೆಗೆ ಗುದ್ದಿತೋ ನೋಡಬೇಕಲ್ವಾ? ನಾನು ಸದ್ದು ಕೇಳಿ ಮನೆಯೇ ಬಿತ್ತು ಅಂತ ಕೂತಿದ್ದೆ.

ಸೋತ ಕಡೆಯವನು ಓದಿದ ತೀರ್ಪು

ಈ ವಿಷಯದಲ್ಲಿ ಒಂದು ತೀರ್ಪಿದೆ. ನನ್ನ ಕಡೆಯವರು ಅದನ್ನು ಇಷ್ಟಪಡುವುದಿಲ್ಲ. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿ ಪಾಠ ಇರಬೇಕು ಅಂತ ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟು, ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಸರ್ಕಾರದ ವಿರುದ್ಧ ಹೇಳಿದವು. ಅನುದಾನ ಇಲ್ಲದ ಖಾಸಗಿ ಶಾಲೆಗಳ ಮೇಲೆ ಮಾಧ್ಯಮವನ್ನು ಹೇರುವ ಹಾಗಿಲ್ಲ ಅಂತ. ಆ ದಿನ ನನಗೂ ಬೇಜಾರಾಗಿತ್ತು. ತೀರ್ಪನ್ನು ಓದದೆಯೇ ಬೇಜಾರು ಮಾಡಿಕೊಂಡಿದ್ದೆ ಅನ್ನುವುದು ಬೇರೆ ಮಾತು.

ಎರಡನೇ ಕರಡು ಹಾಳಾದ ಮೇಲೆ ಕೂತು ಓದಿದೆ. ಸರ್ಕಾರದ ದೊಡ್ಡ ವಾದ ಇದು: ಚಿಕ್ಕ ಮಕ್ಕಳು ಮಾತೃಭಾಷೆಯಲ್ಲಿ ಚೆನ್ನಾಗಿ ಕಲಿಯುತ್ತಾರೆ ಅಂತ ತಜ್ಞರು ಹೇಳುತ್ತಾರೆ. ನ್ಯಾಯಪೀಠ ಇದನ್ನು ಸುಳ್ಳು ಅನ್ನಲಿಲ್ಲ. ತಜ್ಞರನ್ನು ಗೇಲಿ ಮಾಡಲಿಲ್ಲ. ಆ ಮಾತಿನಲ್ಲಿ ತಜ್ಞರೆಲ್ಲ ಒಂದೇ ಅಭಿಪ್ರಾಯ ಹೊಂದಿರಬಹುದು, ಹಾಗಿದ್ದರೂ ಸರ್ಕಾರ ಅದನ್ನು ಶಾಲೆಗೆ ಮಾನ್ಯತೆ ಕೊಡುವ ಷರತ್ತಾಗಿ ಮಾಡುವಂತಿಲ್ಲ ಎಂಬ ಅರ್ಥದಲ್ಲಿ ಹೇಳಿತು. ಅಂದರೆ "ಯಾವುದು ಒಳ್ಳೆಯದು" ಎಂಬ ಪ್ರಶ್ನೆಯನ್ನು ಎದುರಿನವರಿಗೇ ಬಿಟ್ಟುಕೊಟ್ಟು, "ಯಾರು ತೀರ್ಮಾನಿಸಬೇಕು" ಎಂಬ ಪ್ರಶ್ನೆಯ ಮೇಲೆ ನಿಂತಿತು.

ನನಗೆ ಇದು ಹೊಸದಾಗಿ ಕಂಡಿತು. ಎದುರಿನವರ ಅತಿ ಗಟ್ಟಿ ಮಾತನ್ನು ಒಪ್ಪಿಕೊಂಡ ಮೇಲೂ ತೀರ್ಪು ಸ್ವಲ್ಪವೂ ಮೆತ್ತಗಾಗಲಿಲ್ಲ. ಹಾಗಾಗಲು ಕಾರಣ, ಅದು ಆ ಕಂಬದ ಮೇಲೆ ನಿಂತೇ ಇರಲಿಲ್ಲ. ನಾನು ತೀರ್ಪನ್ನು ಈಗಲೂ ಪೂರ್ತಿ ಒಪ್ಪುವುದಿಲ್ಲ. ಒಂದನೇ ತರಗತಿಯ ಮಗು ತಾನೇ ಆಯ್ಕೆ ಮಾಡುವುದಿಲ್ಲವಲ್ಲ, ಅಪ್ಪ ಅಮ್ಮನೇ ತಾನೇ ಮಾಡುವುದು ಅಂತ ನನ್ನ ತಕರಾರು ಇದ್ದೇ ಇದೆ. ಆದರೆ ಎದುರಿನವರ ಮಾತಿಗೆ ಉತ್ತರ ಬರೆಯುವುದನ್ನು ಕಲಿತಿದ್ದು ನನ್ನನ್ನು ಸೋಲಿಸಿದ ಕಾಗದದಿಂದಲೇ.

ಯಾವ ಪೈಲ್ವಾನನ ಜೊತೆ ಕುಸ್ತಿ

ಒಂದು ಹಾಳೆ ತೆಗೆದುಕೊಂಡು ಇಂಗ್ಲಿಷ್ ಮಾಧ್ಯಮದ ಪರ ನಾನು ಕೇಳಿದ್ದನ್ನೆಲ್ಲ ಬರೆದೆ. ಹನ್ನೊಂದು ಬಂದವು. ಹನ್ನೊಂದಕ್ಕೂ ಉತ್ತರ ಬರೆದರೆ ಲೇಖನ ವಕೀಲರ ನೋಟೀಸಿನಂತೆ ಆಗುತ್ತದೆ. ಸುಲಭದ ಮೂರನ್ನು ಆರಿಸಿಕೊಂಡರೆ ಟೈಲರ್ ಮತ್ತೆ ದಾರ ಕಡಿದು ತಲೆ ಎತ್ತುತ್ತಾರೆ.

ನಮ್ಮ ಹಳೆಯ ಶಾಸ್ತ್ರಕಾರರಿಗೆ ಇದು ರೂಢಿಯಾಗಿತ್ತು. ಅವರು ತಮ್ಮ ಸಿದ್ಧಾಂತಕ್ಕೆ ಮುಂಚೆ ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಇಡುತ್ತಿದ್ದರು. ಶಂಕರರು ಬ್ರಹ್ಮಸೂತ್ರ ಭಾಷ್ಯದ ಮೊದಲ ಅಧ್ಯಾಯದುದ್ದಕ್ಕೂ ಸಾಂಖ್ಯ ದರ್ಶನದವರ ಜೊತೆಯೇ ಹೆಚ್ಚು ಗುದ್ದಾಡುತ್ತಾರೆ. ಅಧ್ಯಾಯದ ಕೊನೆಗೆ, ಮುಖ್ಯ ಮಲ್ಲನನ್ನು ಕೆಡವಿದರೆ ಉಳಿದವರನ್ನೂ ಕೆಡವಿದ ಹಾಗೆ ಅನ್ನುತ್ತಾರೆ. ಇದಕ್ಕೆ ಪ್ರಧಾನಮಲ್ಲ ನ್ಯಾಯ ಅಂತ ಹೆಸರು. ಮೈಸೂರು ದಸರಾ ಕುಸ್ತಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಖಾಡದಲ್ಲಿ ಹುಡುಗರನ್ನು ಹಿಡಿದು ಚಿತ್ ಮಾಡಿದವನಿಗೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ.

ಹನ್ನೊಂದರಲ್ಲಿ ಪ್ರಧಾನ ಮಲ್ಲ ಯಾರು? ನನಗೆ ಮೊದಲು ಕಂಡಿದ್ದು "ಇಂಗ್ಲಿಷ್ ಬಂದರೆ ಕೆಲಸ ಸಿಗುತ್ತದೆ" ಎಂಬುದು. ಅದನ್ನೇ ಚೆನ್ನಾಗಿ, ಗೇಲಿ ಇಲ್ಲದೆ, ಒಂದು ಪ್ಯಾರಾ ಬರೆದೆ. ನನ್ನ ಉತ್ತರದ ಭಾಗವನ್ನು ಮಡಚಿ, ಅಷ್ಟನ್ನು ಮಾತ್ರ ಟೈಲರ್ ಕೈಗೆ ಕೊಟ್ಟೆ. "ಇದು ನಿಮ್ಮ ಮಾತೇ ಅಂತ ಅನ್ಸುತ್ತಾ ನೋಡಿ." ಉತ್ತರ ತೋರಿಸಬಾರದು ಅಂತ ಯಾಕೋ ಅನಿಸಿತ್ತು. ಉತ್ತರ ಕಂಡರೆ ಮನುಷ್ಯ ಅದರ ಜೊತೆ ಜಗಳಕ್ಕೆ ಇಳಿಯುತ್ತಾನೆ, ತನ್ನ ಮಾತು ಸರಿಯಾಗಿ ಬಂದಿದೆಯಾ ಅಂತ ನೋಡುವುದಿಲ್ಲ.

ಅವರು ಎರಡು ಸಲ ಓದಿದರು. "ಮರ್ಯಾದೆಯಾಗಿ ಬರೆದಿದ್ದೀರಿ. ಆದ್ರೆ ಇದಲ್ಲ ಸರ್." ಸ್ವಲ್ಪ ಹೊತ್ತು ಸೀಮೆಸುಣ್ಣದಿಂದ ಬಟ್ಟೆ ಮೇಲೆ ಗೆರೆ ಎಳೆದರು. "ಇಂಗ್ಲಿಷ್ ಬಂದ್ರೆ ಕೆಲಸ ಸಿಗುತ್ತೆ ಅಂತ ನಾನೇನೂ ಅಂದ್ಕೊಂಡಿಲ್ಲ. ಇಂಗ್ಲಿಷ್ ಬಂದೋರೂ ಮನೇಲಿ ಕೂತಿದ್ದಾರೆ. ಬರದೇ ಹೋದ್ರೆ ಅವಮಾನ ಆಗುತ್ತೆ, ಅದು ನನ್ನ ಮಾತು. ದೊಡ್ಡವಳು ಕ್ಲಾಸಲ್ಲಿ ಕೈ ಎತ್ತೋದನ್ನೇ ಬಿಟ್ಟುಬಿಟ್ಟಳು. ಡೌಟ್ ಕೇಳೋಕೂ ಇಂಗ್ಲಿಷ್ ಬೇಕಲ್ಲ."

ನಾನು ವರ್ಷಗಟ್ಟಲೆ ಈ ವಿಷಯ ಓದಿಕೊಂಡಿದ್ದೆ. ನನ್ನ ಹನ್ನೊಂದರ ಪಟ್ಟಿಯಲ್ಲಿ ಅವಮಾನ ಇರಲಿಲ್ಲ. ಎದುರು ಪಕ್ಷದ ಮಾತನ್ನು ನಾವು ನಮ್ಮ ಟೇಬಲ್ಲಿನಲ್ಲಿ ಕೂತು ಎಷ್ಟೇ ಗಟ್ಟಿಯಾಗಿ ಕಟ್ಟಿದರೂ, ಅದು ನಮಗೆ ಉತ್ತರ ಗೊತ್ತಿರುವ ಮಾತೇ ಆಗಿರುತ್ತದೆ. ಕೆಲಸದ ವಾದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಅದಕ್ಕೇ ಅದನ್ನು ದೊಡ್ಡ ಪೈಲ್ವಾನ ಅಂದುಕೊಂಡಿದ್ದೆ.

ಮೂರನೇ ಕರಡು

ಈಗ ನನ್ನ ಮುಂದೆ ಮೂರು ಮಾತುಗಳು ಉಳಿದವು. ಮೂರಕ್ಕೂ ಒಂದೇ ಥರ ಉತ್ತರ ಕೊಡಲು ಆಗುವುದಿಲ್ಲ ಅಂತ ಬರೆಯುತ್ತಾ ಗೊತ್ತಾಯಿತು.

ಮೊದಲನೆಯದು ಎಲ್ಲರೂ ಹೇಳುವ ಮಾತು. ಚಿಕ್ಕ ಮಕ್ಕಳು ಭಾಷೆಯನ್ನು ಬೇಗ ಹಿಡಿಯುತ್ತಾರೆ, ಹಾಗಾಗಿ ಇಂಗ್ಲಿಷ್ ಮಾಧ್ಯಮ ಒಂದನೇ ತರಗತಿಯಿಂದಲೇ ಇರಲಿ. ಇದರಲ್ಲಿ ಎರಡು ವಿಷಯ ಒಂದಕ್ಕೊಂದು ಅಂಟಿಕೊಂಡಿವೆ. ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಮೊದಲ ಅರ್ಧವನ್ನು ನಾನು ಒಪ್ಪುತ್ತೇನೆ, ಒಪ್ಪಿದರೆ ನನಗೇನೂ ನಷ್ಟವಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಇರಲಿ, ಇನ್ನೂ ಚೆನ್ನಾಗಿರಲಿ. ಆದರೆ ಕಳೆಯುವ ಲೆಕ್ಕವನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಳಿಕೊಟ್ಟರೆ ಮಗು ಲೆಕ್ಕವನ್ನೂ ಕಲಿಯಲ್ಲ, ಭಾಷೆಯನ್ನೂ ಕಲಿಯಲ್ಲ. ಇಲ್ಲಿ ಉತ್ತರ ಅಂದರೆ ಗಂಟು ಬಿಡಿಸುವುದು, ಅಷ್ಟೇ. ಜಗಳ ಬೇಕಾಗಿಲ್ಲ. ನಾಲ್ಕು ಸಾಲಿನಲ್ಲಿ ಮುಗಿಸಿದೆ.

ಎರಡನೆಯದು ಪಿಯುಸಿ ಬಾಗಿಲು. ಇದು ನಿಜ, ಮತ್ತು ಇದು ನನ್ನ ಕಾಂಪೌಂಡಿಗಲ್ಲ, ಅಡುಗೆ ಮನೆಗೇ ಗುದ್ದುತ್ತದೆ. ಮೊದಲ ಲೇಖನದ ನನ್ನ ಮಾತು "ಕನ್ನಡದಲ್ಲಿ ಕಲಿತ ಮಗುವಿಗೆ ಮುಂದೆ ಯಾವ ಭಾಷೆಯೂ ಕಷ್ಟವಾಗುವುದಿಲ್ಲ" ಅಂತಿತ್ತು. ಟೈಲರ್ ಮಗಳ ಎದುರು ಆ ವಾಕ್ಯ ನಿಲ್ಲುವುದಿಲ್ಲ. ಇಂಥ ಕಡೆ ಬರೆಯುವವನಿಗೆ ಎರಡು ದಾರಿ. ಜಾಣತನದಿಂದ ನುಣುಚಿಕೊಳ್ಳಬಹುದು. ಅಥವಾ ತನ್ನ ಮೂಲ ಮಾತನ್ನೇ ಹಿಂದಕ್ಕೆ ಹೋಗಿ ತಿದ್ದಬೇಕು. ಉತ್ತರದ ಭಾಗದಲ್ಲಿ ಒಪ್ಪಿಕೊಂಡು, ಮೊದಲ ಪುಟದಲ್ಲಿ ಹಳೆಯ ದೊಡ್ಡ ಮಾತನ್ನು ಹಾಗೇ ಬಿಟ್ಟರೆ ಓದುಗ ಹಿಡಿದೇ ಹಿಡಿಯುತ್ತಾನೆ. ನಾನು ಮೊದಲ ಪುಟಕ್ಕೆ ಹೋದೆ. "ಯಾವ ಭಾಷೆಯೂ ಕಷ್ಟವಾಗುವುದಿಲ್ಲ" ತೆಗೆದೆ. ಐದನೇ ತರಗತಿಯವರೆಗೆ ಪಾಠ ಕನ್ನಡದಲ್ಲಿ, ಜೊತೆಗೆ ಇಂಗ್ಲಿಷನ್ನು ಕಲಿಸಲು ಇಂಗ್ಲಿಷ್ ಚೆನ್ನಾಗಿ ಬರುವ ಬೇರೆ ಶಿಕ್ಷಕರು, ಆಮೇಲೆ ವಿಜ್ಞಾನದ ಪದಗಳು ಎರಡೂ ಭಾಷೆಯಲ್ಲಿ, ಪಿಯುಸಿ ಶುರುವಿಗೆ ಮೂರು ತಿಂಗಳ ಬ್ರಿಡ್ಜ್ ಕೋರ್ಸ್. ನನ್ನ ವಾದ ಚಿಕ್ಕದಾಯಿತು. ವಿಚಿತ್ರ ಅಂದರೆ, ಚಿಕ್ಕದಾದ ಮೇಲೆ ಅದನ್ನು ಅಲ್ಲಾಡಿಸುವುದು ಕಷ್ಟವಾಯಿತು.

ಇಲ್ಲಿ ನನಗೆ ಒಂದು ಸಾಕ್ಷಿಯೂ ಸಿಕ್ಕಿತ್ತು. 1970ರಲ್ಲಿ ನೈಜೀರಿಯಾದ ಇಫೆ ಎಂಬ ಊರಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಆರು ವರ್ಷದ ಪ್ರಾಥಮಿಕ ಶಿಕ್ಷಣವನ್ನು ಪೂರ್ತಿ ಆ ಮಕ್ಕಳ ಮನೆಮಾತಾದ ಯೊರುಬಾ ಭಾಷೆಯಲ್ಲಿ ಕೊಟ್ಟರು. ಇಂಗ್ಲಿಷ್ ಒಂದು ವಿಷಯವಾಗಿತ್ತು. ಮೂರು ವರ್ಷ ಆದಮೇಲೆ ಇಂಗ್ಲಿಷಿಗೆ ಬದಲಾದ ಮಕ್ಕಳಿಗಿಂತ ಈ ಮಕ್ಕಳು ಚೆನ್ನಾಗಿ ಕಲಿತರು, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಇದನ್ನು ಬರೆದು ನಿಲ್ಲಿಸಬಹುದಿತ್ತು. ನನ್ನ ಕಡೆಯವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಪ್ರಯೋಗದಲ್ಲಿ ಇಂಗ್ಲಿಷ್ ಕಲಿಸಲು ಅದಕ್ಕೇ ಅಂತ ಶಿಕ್ಷಕರಿದ್ದರು, ಪುಸ್ತಕಗಳನ್ನು ಹೊಸದಾಗಿ ಮಾಡಿದ್ದರು. ಗೆಲುವು ಭಾಷೆಯದೋ, ಶಿಕ್ಷಕರದೋ, ಪುಸ್ತಕದ್ದೋ ಅಂತ ಕೇಳುವವರು ಕೇಳಬಹುದು. ನಾನೇ ಕೇಳಿದೆ. ಇದನ್ನು ಮುಚ್ಚಿಟ್ಟು ಬರೆದು, ನಾಳೆ ಎದುರಿನವರು ಹುಡುಕಿ ತೆಗೆದರೆ, ಆಗ ಒಂದು ಸಾಕ್ಷಿ ಮಾತ್ರ ಹೋಗುವುದಿಲ್ಲ, ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ಜೊತೆಗೆ, ಹೇಳಿದ್ದರಿಂದ ನನಗೆ ಲಾಭವೇ ಆಯಿತು. ಇಂಗ್ಲಿಷಿಗೆ ಬೇರೆ ಶಿಕ್ಷಕರು ಬೇಕು ಎಂಬ ನನ್ನ ಹೊಸ ಷರತ್ತಿಗೆ ಅದೇ ಆಧಾರ.

ಈ ಭಾಗ ಬರೆಯುವಾಗ ಒಂದು ಆಸೆ ಬಹಳ ಕಾಡಿತು. ಸಂವೇಗದ ಕಥೆಯನ್ನು ತಿರುಗಿಸಿ ನನ್ನ ಪರ ಬಳಸಬಹುದು. ನೋಡಿ, ಹುಡುಗಿಗೆ ವಿಷಯ ಗೊತ್ತಿತ್ತು, ಪದ ಮಾತ್ರ ಗೊತ್ತಿರಲಿಲ್ಲ, ಅಂದರೆ ಕನ್ನಡ ತನ್ನ ಕೆಲಸ ಮಾಡಿತ್ತು! ತರ್ಕ ಸರಿಯಾಗಿಯೇ ಇದೆ. ಬರೆದೂ ಬರೆದೆ. ಆಮೇಲೆ ಓದಿದಾಗ, ಒಬ್ಬರು ಮನೆಯ ನೋವು ಹೇಳಿಕೊಂಡರೆ ನಾನು ಅದನ್ನು ಇಸ್ಪೀಟು ಎಲೆಯ ಹಾಗೆ ಎಸೆದಂತೆ ಕಾಣಿಸಿತು. ಪೂರ್ತಿ ತೆಗೆಯಲಿಲ್ಲ. "ಸಂವೇಗ ಗೊತ್ತಿದ್ದವಳನ್ನು ಮೊಮೆಂಟಮ್ ಎಂಬ ಒಂದು ಪದ ಹೊರಗೆ ನಿಲ್ಲಿಸಿತು. ಆ ಪದವನ್ನು ಹೈಸ್ಕೂಲಿನ ಪುಸ್ತಕದಲ್ಲೇ ಕಂಸದಲ್ಲಿ ಕೊಟ್ಟು, ತರಗತಿಯಲ್ಲಿ ಹೇಳಿಸಿದ್ದರೆ?" ಅಂತ ಬರೆದೆ. ಗೆದ್ದೆ ಅಂತ ಹೇಳುವ ವಾಕ್ಯ ಹೋಯಿತು, ಕೆಲಸಕ್ಕೆ ಬರುವ ವಾಕ್ಯ ಬಂತು.

ಮೂರನೆಯದು ಅವಮಾನ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವಮಾನ ಮಾಡುವುದು ಶಾಲೆಯ ಮಾಧ್ಯಮ ಅಲ್ಲ, ಸುತ್ತಲಿನ ಜನ, ನಿಜ. ಹಾಗಂತ ಹೇಳಿದರೆ ಆ ಹುಡುಗಿಯ ಕೈ ಮೇಲೇಳುವುದಿಲ್ಲ. ಸಮಾಜ ಬದಲಾಗುವವರೆಗೆ ನಿನ್ನ ಮಗಳು ಕಾಯಲಿ ಅನ್ನಲು ನನಗೆ ಯಾವ ಹಕ್ಕಿದೆ? ಹಾಗಾಗಿ ಒಂದು ಪ್ಯಾರಾ ಬರೆದು, ಇದಕ್ಕೆ ನನ್ನ ಯೋಜನೆಯಲ್ಲಿ ಪರಿಹಾರ ಇಲ್ಲ, ಇದನ್ನು ಹೊತ್ತುಕೊಂಡೇ ನಾನು ನನ್ನ ಮಾತು ಹೇಳುತ್ತಿದ್ದೇನೆ ಅಂತ ಬಿಟ್ಟೆ. ಇದರಿಂದ ಲೇಖನ ದುರ್ಬಲವಾಗುತ್ತದೆ ಅಂತ ಸಂಪಾದಕರು ಹೆದರಿದರು. ನನಗೆ ಹಾಗನ್ನಿಸಲಿಲ್ಲ. ಇಡೀ ಲೇಖನದ ಮೇಲೆ ಭಾರ ಹಾಕುವ ಮಾತಾಗಿದ್ದರೆ ಬಿಡುವಂತಿರಲಿಲ್ಲ. ಅವಮಾನದ ಮಾತು ಐದನೇ ತರಗತಿಯವರೆಗಿನ ಪಾಠದ ಬಗ್ಗೆ ಅಷ್ಟಾಗಿ ಇಲ್ಲ, ಆಮೇಲಿನದ್ದರ ಬಗ್ಗೆ ಜಾಸ್ತಿ ಇದೆ. ಆದರೆ ಆ ವಿವರಣೆಯನ್ನು ಲೇಖನದಲ್ಲಿ ಹಾಕಲಿಲ್ಲ. ಹಾಕಿದ್ದರೆ ಮತ್ತೆ ನುಣುಚಿಕೊಂಡ ಹಾಗೆ ಆಗುತ್ತಿತ್ತು.

ನನ್ನ ಸ್ವಂತ ಮಗಳು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಇದನ್ನೂ ಬರೆಯಬೇಕಾಯಿತು. "ನಿಮ್ಮ ಮಕ್ಕಳು ಎಲ್ಲಿ ಓದಿದ್ರು?" ಅನ್ನುವುದು ತರ್ಕದ ಲೆಕ್ಕದಲ್ಲಿ ಉತ್ತರವೇ ಅಲ್ಲ. ನಾನು ತಪ್ಪು ಮಾಡಿದ್ದರೂ ನನ್ನ ಮಾತು ಸರಿ ಇರಬಹುದು. ಆದರೆ ಓದುವವರ ಮನಸ್ಸಿನಲ್ಲಿ ಆ ಪ್ರಶ್ನೆ ಮೊದಲ ಸಾಲಿನಿಂದಲೇ ಕೂತಿರುತ್ತದೆ. ಅದಕ್ಕೆ ನಾನು ಅದನ್ನು ಕೊನೆಗೆ ಬಿಡದೆ ಎರಡನೇ ಪ್ಯಾರಾದಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಟ್ಟೆ. ನೆಪ ಹೇಳಲಿಲ್ಲ. ಅವಳನ್ನು ಸೇರಿಸುವಾಗ ನನಗೂ ಟೈಲರಿಗೆ ಇದ್ದ ಭಯವೇ ಇತ್ತು ಅಂತ ಬರೆದೆ.

ವಾಕ್ಯದ ಬಾಲ

ಕೊನೆಗೆ ಒಂದು ಸಣ್ಣ ಕರಕುಶಲದ ಮಾತು. ಕನ್ನಡದಲ್ಲಿ ವಾಕ್ಯದ ತೂಕ ಬಾಲದಲ್ಲಿರುತ್ತದೆ. ಕ್ರಿಯಾಪದ ಬಂದ ಮೇಲೆಯೇ ಮಾತು ಯಾವ ಕಡೆ ವಾಲಿತು ಅಂತ ಗೊತ್ತಾಗುವುದು. "ಪಿಯುಸಿಯಲ್ಲಿ ಕಷ್ಟವಾಗುವುದು ನಿಜವಾದರೂ ಅಡಿಪಾಯ ಕನ್ನಡದಲ್ಲೇ ಇರಬೇಕು" ಅಂತ ಬರೆದರೆ ಓದುಗನ ಕಿವಿಯಲ್ಲಿ ಉಳಿಯುವುದು ಅಡಿಪಾಯ. ಕಷ್ಟ ದಾರಿಯಲ್ಲೇ ಸತ್ತುಹೋಯಿತು. "ಅಡಿಪಾಯ ಕನ್ನಡದಲ್ಲಿ ಇರಬೇಕು ಅನ್ನೋಣ, ಆದರೆ ಪಿಯುಸಿಯಲ್ಲಿ ಕಷ್ಟವಾಗುತ್ತದೆ" ಅಂದರೆ ನಾನೇ ನನ್ನನ್ನು ಸೋಲಿಸಿಕೊಂಡ ಹಾಗೆ. ನನ್ನ ಎರಡನೇ ಕರಡಿನಲ್ಲಿ ಇಂಥ ವಾಕ್ಯಗಳು ತುಂಬಿದ್ದವು.

ಹಾಗಾದರೆ ಯಾವಾಗಲೂ ಮೊದಲ ಥರ ಬರೆದರೆ ಸಾಕಾ? ಒಂದೆರಡು ಸಲ ಸರಿ. ಪ್ರತಿ ಸಲ "ನಿಜವಾದರೂ", "ಇದ್ದರೂ", "ಎಂದರೂ" ಬಂದರೆ ಅದು ಕೈಮುಗಿದು ಒಳಗೆ ಬಿಟ್ಟುಕೊಳ್ಳದ ವಾಚ್‌ಮನ್‌ನ ಮರ್ಯಾದೆಯಂತೆ ಆಗುತ್ತದೆ. ಒಪ್ಪಿಕೊಂಡ ಮಾತಿಗೆ ಪೂರ್ತಿ ವಾಕ್ಯ ಕೊಡಬೇಕು, ಪೂರ್ಣವಿರಾಮ ಕೊಡಬೇಕು. "ಪಿಯುಸಿಯಲ್ಲಿ ಈ ಮಕ್ಕಳಿಗೆ ಕಷ್ಟವಾಗುತ್ತದೆ. ಕೆಲವರು ಸೈನ್ಸ್ ಬಿಡುತ್ತಾರೆ." ಇಲ್ಲಿ ನಿಲ್ಲಬೇಕು. ಮುಂದಿನ ವಾಕ್ಯವನ್ನು "ಆದರೆ" ಇಲ್ಲದೆ ಶುರು ಮಾಡಿ ನೋಡಿದೆ. "ಆ ಕಷ್ಟ ಶುರುವಾಗುವುದು ಹನ್ನೊಂದನೇ ತರಗತಿಯಲ್ಲಿ, ಒಂದನೇ ತರಗತಿಯಲ್ಲಲ್ಲ. ಹಾಗಾಗಿ ತಿದ್ದಬೇಕಾದದ್ದೂ ಅಲ್ಲೇ." ನನ್ನ ನಿಲುವು ಕದಲಲಿಲ್ಲ, ಅವರ ಮಾತನ್ನು ತುಳಿದ ಹಾಗೂ ಆಗಲಿಲ್ಲ. ಮೂರನೇ ಕರಡಿನಲ್ಲಿ ಹತ್ತೊಂಬತ್ತು "ಆದರೆ"ಗಳಿದ್ದವು. ಎಣಿಸಿದೆ. ಆರಕ್ಕೆ ಇಳಿಸಿದೆ.

ಸಂಕಲನ ಬಂದ ಮೇಲೆ ಒಂದು ಪ್ರತಿ ಟೈಲರ್ ಅಂಗಡಿಗೆ ಹೋಯಿತು. ಈ ಸಲ ಬೆಂಚಿನ ಮೇಲೆ ಬಿಡಲಿಲ್ಲ, ಕೈಗೇ ಕೊಟ್ಟೆ. ಅವರು ಒಪ್ಪಲಿಲ್ಲ. ಚಿಕ್ಕವಳು ಕಾನ್ವೆಂಟಿನಲ್ಲೇ ಇದ್ದಾಳೆ. "ದೊಡ್ಡವಳಿಗೆ ಕೊಟ್ಟಿದ್ದೆ, ಓದಿದ್ದಾಳೆ" ಅಂತ ಪುಸ್ತಕ ವಾಪಸ್ ಕೊಟ್ಟರು. ಮನೆಗೆ ಬಂದು ತೆರೆದರೆ, ನನ್ನ ಲೇಖನದಲ್ಲಿ ಒಂದೇ ಕಡೆ ಪೆನ್ಸಿಲ್ ಗೆರೆ. "ಮೂರು ತಿಂಗಳ ಬ್ರಿಡ್ಜ್ ಕೋರ್ಸ್" ಎಂಬಲ್ಲಿ ಮೂರನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: "ಸಾಲಲ್ಲ. ಒಂದು ವರ್ಷ ಬೇಕು."